‘ಗುಂಪಿಗೆ ಎಂಟೇ ಇಲಿ ಯಾಕೆ?’: ಅನುದಾನ ಸಮಿತಿಯ ಎದುರು ಕೂರುವ ಮುನ್ನ ಹಾಕಬೇಕಾದ ಲೆಕ್ಕಗಳು

ಪ್ರಶ್ನೆ: ಲಿವರ್‌ನಲ್ಲಿ ಕೊಬ್ಬು ಸೇರುವುದಕ್ಕೂ ಒಂದು ಜೀನ್‌ಗೂ ಏನು ಸಂಬಂಧ ಎಂದು ಇಲಿಗಳಲ್ಲಿ ನೋಡುವ ಮೂರು ವರ್ಷದ ಪ್ರಾಜೆಕ್ಟ್‌ಗೆ ಅನುದಾನ ಕೇಳಿದ್ದೇನೆ. ಸಂದರ್ಶನಕ್ಕೆ ಕರೆ ಬಂದಿದೆ. ಆ ಜೀನ್ ಅನ್ನು ಲಿವರ್‌ನಲ್ಲಿ ಮಾತ್ರ ತೆಗೆದ ಇಲಿಗಳು ಮತ್ತು ಸಾಮಾನ್ಯ ಇಲಿಗಳು, ಎರಡು ಬಗೆಯ ಆಹಾರ, ಗುಂಪಿಗೆ 8ರಂತೆ 4 ಗುಂಪು, 16 ವಾರ. ಇಲಿಗಳು ಇನ್ನೂ ಬೇರೆ ಲ್ಯಾಬ್‌ನಿಂದ ಬರಬೇಕು. 9ನೇ ತಿಂಗಳಿಗೆ ಮೊದಲ ಫಲಿತಾಂಶ ಎಂದು ಬರೆದಿದ್ದೇನೆ. ಕಾರ್ಯಸಾಧ್ಯತೆ, ಬಜೆಟ್ ಬಗ್ಗೆ ಏನೇನು ಕೇಳಬಹುದು? ‘ಪ್ರಯೋಗ ಕೈಕೊಟ್ಟರೆ?’ ಎಂದರೆ ಏನು ಹೇಳಲಿ?

ಉತ್ತರ: ಮೊದಲ ಪೆಟ್ಟು ಬೀಳುವುದು ಆ ‘9ನೇ ತಿಂಗಳು’ ಎಂಬ ಮಾತಿಗೆ. ಇಲಿ ಸಾಕಿದ ಒಬ್ಬರಾದರೂ ಸಮಿತಿಯಲ್ಲಿ ಇರುತ್ತಾರೆ, ಅವರು ನಿಮ್ಮ ವೇಳಾಪಟ್ಟಿಯ ಅಂಚಿನಲ್ಲಿ ಪೆನ್ಸಿಲ್‌ನಿಂದ ವಾರಗಳನ್ನು ಕೂಡಿಟ್ಟುಕೊಂಡೇ ಬಂದಿರುತ್ತಾರೆ. ಆ ಕೂಡುವ ಲೆಕ್ಕವನ್ನು ನೀವೇ ಮೊದಲು ಮಾಡಿ ನೋಡಿ.

ಇಲಿಯ ಗರ್ಭಾವಧಿ ಸುಮಾರು 3 ವಾರ. ಮರಿ ತಾಯಿಯಿಂದ ಬಿಡಲು ಇನ್ನು 3 ವಾರ. ಅದು ತಾನೇ ಜೋಡಿಗೆ ಬರುವಷ್ಟು ಬೆಳೆಯಲು ಮತ್ತೆ 3ರಿಂದ 5 ವಾರ. ಹೀಗೆ ಒಂದು ತಲೆಮಾರಿಗೆ 10 ವಾರ ಇಟ್ಟುಕೊಳ್ಳಿ. ನಿಮಗೆ ಬೇಕಾದದ್ದು ಜೀನ್‌ನ ಎರಡೂ ಪ್ರತಿಗಳ ಸುತ್ತ ಲಾಕ್ಸ್ ಗುರುತುಗಳಿದ್ದು, ಜೊತೆಗೆ ಆ ಗುರುತುಗಳ ನಡುವಿನ ಭಾಗವನ್ನು ಲಿವರ್‌ನಲ್ಲಿ ಮಾತ್ರ ಕತ್ತರಿಸಿ ತೆಗೆಯುವ ಕಿಣ್ವ, ಆಲ್ಬುಮಿನ್-ಕ್ರೀ, ಇರುವ ಇಲಿ. ಲಾಕ್ಸ್ ಗುರುತು ಹೊತ್ತ ಪ್ರತಿಗೆ ಫ್ಲಾಕ್ಸ್ ಎನ್ನುತ್ತಾರೆ. ಎರಡೂ ಪ್ರತಿ ಫ್ಲಾಕ್ಸ್ ಆದ ಇಲಿಯನ್ನು ಕ್ರೀ ಇಲಿಯ ಜೊತೆ ಸೇರಿಸಿದರೆ ಮೊದಲ ತಲೆಮಾರಿನಲ್ಲಿ ಎಲ್ಲ ಮರಿಗಳಿಗೂ ಫ್ಲಾಕ್ಸ್ ಒಂದೇ ಪ್ರತಿ, ಅರ್ಧ ಮರಿಗಳಿಗೆ ಮಾತ್ರ ಕ್ರೀ. ಕ್ರೀ ಬಂದವನ್ನು ಆರಿಸಿ ಮತ್ತೆ ಫ್ಲಾಕ್ಸ್ ಇಲಿಯ ಜೊತೆ ಸೇರಿಸಿದರೆ ನಾಲ್ಕರಲ್ಲಿ ಒಂದು ಮರಿ ನಿಮಗೆ ಬೇಕಾದದ್ದು. ಈ ಎರಡಕ್ಕೆ 20 ವಾರ ಹೋಯಿತು, ಪ್ರಯೋಗದ ಇಲಿ ಇನ್ನೂ ಹುಟ್ಟಿಲ್ಲ. ನಾಲ್ಕರಲ್ಲಿ ಒಂದಾಗಿ ಸಿಕ್ಕ ಆ ಇಲಿಯನ್ನು ಮತ್ತೊಮ್ಮೆ ಫ್ಲಾಕ್ಸ್ ಇಲಿಯ ಜೊತೆ ಸೇರಿಸಿದಾಗ ಅರ್ಧ ಮರಿ ನಾಕ್‌ಔಟ್, ಅಂದರೆ ಲಿವರ್‌ನಲ್ಲಿ ಆ ಜೀನ್ ಇಲ್ಲದವು, ಅರ್ಧ ಮರಿ ಕ್ರೀ ಇಲ್ಲದ ಒಡಹುಟ್ಟು. ಹೋಲಿಕೆಗೆ ಇದಕ್ಕಿಂತ ಒಳ್ಳೆಯ ಜೊತೆ ಸಿಗದು. ಗರ್ಭಕ್ಕೆ 3 ವಾರ, 8 ವಾರದ ವಯಸ್ಸಿಗೆ ಆಹಾರ ಶುರು ಎಂದರೆ 11 ವಾರ. ಮೇಲೆ ಆಹಾರದ 16 ವಾರ.

ಒಟ್ಟು 47 ವಾರ, ಹತ್ತಿರ ಹತ್ತಿರ 11 ತಿಂಗಳು. ಇದಕ್ಕೂ ಮೊದಲು ಆಗಬೇಕಾದ ಪ್ರಾಣಿ ನೈತಿಕ ಸಮಿತಿಯ ಅನುಮತಿ, ಲ್ಯಾಬ್‌ಗಳ ನಡುವಿನ ಒಪ್ಪಂದ ಪತ್ರ, ಇಲಿಗಳ ಸಾಗಣೆ, ಪ್ರತ್ಯೇಕ ಕೋಣೆಯಲ್ಲಿ ಕ್ವಾರಂಟೈನ್, ಇವಕ್ಕೆಲ್ಲ 4 ತಿಂಗಳು ಸೇರಿಸಿ. 15ನೇ ತಿಂಗಳಿಗೆ ಮೊದಲ ತಂಡದ ಅಂಗಾಂಶ ಕೈಗೆ ಬರುತ್ತದೆ. ಬೇಕಾದಷ್ಟು ಇಲಿಗಳು ಒಂದೇ ಸಲ ಹುಟ್ಟುವುದಿಲ್ಲವಾದ್ದರಿಂದ ಎರಡನೆಯ ತಂಡ ಒಂದು ತಿಂಗಳು ತಡವಾಗಿ ಬರುತ್ತದೆ. ಅಂಗಾಂಶ ಕತ್ತರಿಸಿ, ಬಣ್ಣ ಹಾಕಿ, ಟ್ರೈಗ್ಲಿಸರೈಡ್ ಅಳೆದು ಮುಗಿಸುವ ಹೊತ್ತಿಗೆ 18ನೇ ತಿಂಗಳು. ನೀವು ಬರೆದದ್ದು 9.

ಸಂದರ್ಶನದಲ್ಲಿ ಇದನ್ನು ಸಮರ್ಥಿಸಲು ಹೋಗಬೇಡಿ. ‘ಅರ್ಜಿಯಲ್ಲಿ 9 ಎಂದು ಬರೆದದ್ದು ತಪ್ಪು ಅಂದಾಜು. ತಲೆಮಾರುಗಳನ್ನು ಲೆಕ್ಕ ಹಾಕಿದರೆ 18 ಆಗುತ್ತದೆ, ಅದಕ್ಕೆ ತಕ್ಕಂತೆ ಎರಡನೆಯ ಗುರಿಯ ಕೆಲಸವನ್ನು ಮೊದಲ ತಿಂಗಳುಗಳಿಗೇ ತಂದಿದ್ದೇನೆ’ ಎಂದು ಅವರು ಕೇಳುವ ಮೊದಲೇ, ನಿಮ್ಮ ಸ್ಲೈಡ್‌ನಲ್ಲೇ ಹೇಳಿಬಿಡಿ. ತಿದ್ದಿಕೊಂಡ ಅರ್ಜಿದಾರರ ಮೇಲೆ ಸಮಿತಿ ಮುನಿಸಿಕೊಳ್ಳುವುದಿಲ್ಲ. ಸಿಕ್ಕಿಬಿದ್ದ ಮೇಲೆ ‘ಜೋಡಿಗಳನ್ನು ಹೆಚ್ಚಿಸಿದರೆ ಬೇಗ ಆಗುತ್ತದೆ’ ಎಂದವರನ್ನು ನಂಬುವುದು ಕಷ್ಟ, ಯಾಕೆಂದರೆ ಜೋಡಿ ಹೆಚ್ಚಿಸಿದರೆ ಮರಿಗಳ ಸಂಖ್ಯೆ ಹೆಚ್ಚುತ್ತದೆಯೇ ಹೊರತು ಗರ್ಭಾವಧಿ ಕಡಿಮೆಯಾಗುವುದಿಲ್ಲ.

ಇದರ ಬಾಲದಲ್ಲೇ ಇನ್ನೊಂದು ಪ್ರಶ್ನೆ ಇದೆ: ‘ಪೋಸ್ಟ್‌ಡಾಕ್‌ಗೆ 36 ತಿಂಗಳ ಸಂಬಳ ಕೇಳಿದ್ದೀರಿ. ಇಲಿಯೇ ಇಲ್ಲದ ಮೊದಲ ತಿಂಗಳುಗಳಲ್ಲಿ ಅವರು ಏನು ಮಾಡುತ್ತಾರೆ?’ ‘ಸಾಹಿತ್ಯ ಸಮೀಕ್ಷೆ’ ಎಂದರೆ ಮುಗಿಯಿತು. ಈ ಅವಧಿಗೆ ನಿಜವಾದ ಕೆಲಸ ಇದೆ. ಪ್ರೋಟೀನ್ ಗುರುತಿಸುವ ಆ್ಯಂಟಿಬಾಡಿ ನಿಜಕ್ಕೂ ಅದನ್ನೇ ಹಿಡಿಯುತ್ತದೆಯೇ ಎಂದು, ಜೀನ್ ತೆಗೆದ ಜೀವಕೋಶಗಳನ್ನು ಎದುರಿಗಿಟ್ಟು ಪರೀಕ್ಷಿಸಬೇಕು. ಯಾವ ಮರಿಗೆ ಫ್ಲಾಕ್ಸ್, ಯಾವುದಕ್ಕೆ ಕ್ರೀ ಬಂದಿದೆ ಎಂದು ಗುರುತಿಸುವ ಜೀನೋಟೈಪಿಂಗ್ ಪಿಸಿಆರ್ ಅನ್ನು ಕೂರಿಸಬೇಕು. ಲಿವರ್‌ನಿಂದ ಅದರ ಮುಖ್ಯ ಕೋಶಗಳಾದ ಹೆಪಟೊಸೈಟ್‌ಗಳನ್ನು ಬಿಡಿಸುವ ವಿಧಾನದಲ್ಲಿ ಕೈ ಪಳಗಬೇಕು, ಅದು ಸಾಮಾನ್ಯ ಇಲಿಗಳಲ್ಲೇ ಆಗುವ ಅಭ್ಯಾಸ. ನಿಮ್ಮ ಎರಡನೆಯ ಗುರಿಯಲ್ಲಿ ಕೋಶಗಳ ಮೇಲಿನ ಕೆಲಸ ಇದ್ದರೆ ಅದನ್ನು ಇಲ್ಲಿಗೇ ಎಳೆದುಕೊಳ್ಳಿ.

ಈಗ ಆ ಎಂಟು.

‘ಗುಂಪಿಗೆ 8 ಎಲ್ಲಿಂದ ಬಂತು?’ ಎಂದು ಕೇಳುವವರು ಸಂಖ್ಯಾಶಾಸ್ತ್ರ ಬಲ್ಲವರು. ‘ಪ್ರಕಟಿತ ಕೆಲಸಗಳಲ್ಲಿ ಹಾಗೇ ಇದೆ’ ಎಂಬುದು ಅವರ ಮಟ್ಟಿಗೆ ಉತ್ತರವೇ ಅಲ್ಲ. ಎರಡು ಗುಂಪುಗಳ ಸರಾಸರಿಗಳ ನಡುವಿನ ಅಂತರವನ್ನು ಗುಂಪಿನೊಳಗಿನ ಏರಿಳಿತದಿಂದ, ಅಂದರೆ ಪ್ರಮಾಣಿತ ವಿಚಲನದಿಂದ, ಭಾಗಿಸಿದರೆ ಪರಿಣಾಮದ ಗಾತ್ರ ಸಿಗುತ್ತದೆ. ಅಂತರವೂ ವಿಚಲನವೂ ಸಮ ಇದ್ದರೆ ಗಾತ್ರ 1. ಅಷ್ಟು ಗಾತ್ರದ ಪರಿಣಾಮವನ್ನು ಶೇ 5ರ ಎರಡು-ಬದಿ ಪರೀಕ್ಷೆಯಲ್ಲಿ ಶೇ 80 ಸಂಭವದಿಂದ ಹಿಡಿಯಲು ಗುಂಪಿಗೆ 17 ಇಲಿ ಬೇಕು. 8 ಇಲಿ ಇಟ್ಟರೆ ಹಿಡಿಯುವ ಸಂಭವ ಅರ್ಧಕ್ಕಿಂತಲೂ ಕಡಿಮೆ. ಅಂದರೆ ಪರಿಣಾಮ ನಿಜವಾಗಿಯೂ ಇದ್ದರೂ ನಿಮ್ಮ ಪ್ರಯೋಗ ‘ಇಲ್ಲ’ ಎಂದು ಹೇಳುವ ಸಾಧ್ಯತೆಯೇ ಹೆಚ್ಚು. ಕೊನೆಗೆ ಆ ‘ಇಲ್ಲ’ಕ್ಕೆ ಅರ್ಥವೂ ಇರುವುದಿಲ್ಲ. ಕಾರ್ಯಸಾಧ್ಯತೆಯ ಪ್ರಶ್ನೆಯೂ ಸೋಲಿನ ಪ್ರಶ್ನೆಯೂ ಒಂದೇ ದಾರದಲ್ಲಿ ಕಟ್ಟಿಕೊಂಡಿರುವುದು ಇಲ್ಲಿ.

ಪ್ರಾಥಮಿಕ ಪ್ರಯೋಗದಲ್ಲಿ ಗಾತ್ರ 1.5 ಬಂದಿತ್ತು, ಅದಕ್ಕೆ 9 ಸಾಕು ಎಂದು ಕೆಲವರು ವಾದಿಸುತ್ತಾರೆ. ಲೆಕ್ಕ ಸರಿಯೇ, ಆದರೆ ಗುಂಪಿಗೆ 4 ಇಲಿಯಲ್ಲಿ ಸಿಕ್ಕ 1.5 ಅನ್ನು ನಂಬಬಾರದು. ಸಣ್ಣ ಪ್ರಯೋಗದಲ್ಲಿ ಅದೃಷ್ಟವಶಾತ್ ದೊಡ್ಡದಾಗಿ ಕಂಡ ಪರಿಣಾಮವೇ ಅರ್ಜಿಯವರೆಗೆ ಬರುತ್ತದೆ, ಸಣ್ಣದಾಗಿ ಕಂಡದ್ದು ಡ್ರಾಯರ್‌ನಲ್ಲಿ ಉಳಿಯುತ್ತದೆ. ಆದ್ದರಿಂದ ‘ಪ್ರಾಥಮಿಕ ಪ್ರಯೋಗದಲ್ಲಿ ಕಂಡದ್ದು 1.5, ಉಬ್ಬಿರಬಹುದೆಂದು 1ಕ್ಕೆ ಇಳಿಸಿ ಲೆಕ್ಕ ಹಾಕಿದ್ದೇವೆ’ ಎನ್ನಿ. ಇಷ್ಟು ಹೇಳಿದರೆ ಆ ಸದಸ್ಯರ ಮುಂದಿನ ಎರಡು ಪ್ರಶ್ನೆಗಳು ಬಿದ್ದುಹೋಗುತ್ತವೆ.

ಬೀಳದ ಒಂದು ಪ್ರಶ್ನೆ ಇದೆ. ‘ನಿಮ್ಮ ವಾದ ಏನು? ಜೀನ್ ಇಲ್ಲದಿದ್ದರೆ ಅಧಿಕ ಕೊಬ್ಬಿನ ಆಹಾರದಲ್ಲಿ ಲಿವರ್ ಬೇರೆ ರೀತಿ ವರ್ತಿಸುತ್ತದೆ ಎಂದಷ್ಟೇ? ಅಥವಾ ಆಹಾರ ಬದಲಾದರೆ ಜೀನ್‌ನ ಪರಿಣಾಮವೇ ಬದಲಾಗುತ್ತದೆ ಎಂದೇ?’ ಎರಡೂ ಒಂದೇ ರೀತಿ ಕೇಳಿಸುತ್ತವೆ, ಆದರೆ ಇಲಿಗಳ ಲೆಕ್ಕ ಬೇರೆ ಬೇರೆ. ಎರಡನೆಯದು ಅಂತರಗಳ ನಡುವಿನ ಅಂತರ. ಅದರಲ್ಲಿ ನಾಲ್ಕು ಗುಂಪುಗಳ ಏರಿಳಿತವೂ ಸೇರುವುದರಿಂದ, ಅಂತರ ಅಷ್ಟೇ ಇದ್ದರೂ ಗುಂಪಿಗೆ ಹೆಚ್ಚುಕಡಿಮೆ ಎರಡು ಪಟ್ಟು ಇಲಿ ಬೇಕು. 34ರಂತೆ ನಾಲ್ಕು ಗುಂಪು ನಿಮ್ಮಿಂದ ಆಗದು. ಮೊದಲನೆಯದನ್ನೇ ಮುಖ್ಯ ಹೋಲಿಕೆಯಾಗಿ ಘೋಷಿಸಿ: ಅಧಿಕ ಕೊಬ್ಬಿನ ಆಹಾರದಲ್ಲಿ ನಾಕ್‌ಔಟ್‌ಗೆ 17, ಒಡಹುಟ್ಟಿಗೆ 17. ಕಡಿಮೆ ಕೊಬ್ಬಿನ ಆಹಾರದ ಎರಡು ಗುಂಪುಗಳ ಕೆಲಸ ಆಹಾರವು ತನ್ನ ಪರಿಣಾಮ ತೋರಿದೆಯೇ ಎಂದು ನೋಡುವುದಷ್ಟೇ, ಆ ಅಂತರ ದೊಡ್ಡದಿರುವುದರಿಂದ 8ರಂತೆ ಸಾಕು. ಕಾಳಗದಲ್ಲಿ ಗಾಯಗೊಂಡದ್ದು, ಸತ್ತದ್ದು, ಅಂಗಾಂಶ ಹಾಳಾದದ್ದು ಎಂದು ಶೇ 15 ಬಿಟ್ಟುಕೊಟ್ಟರೆ 20, 20, 10, 10. ಒಟ್ಟು 60 ಇಲಿ.

ಗಂಡು ಮಾತ್ರ ಬಳಸುತ್ತೀರಾ ಎಂದು ಕೇಳಿಯೇ ಕೇಳುತ್ತಾರೆ. ನಿಮ್ಮ ತಳಿ ಸಾಮಾನ್ಯವಾಗಿ ಬಳಸುವ ಸಿ57ಬಿಎಲ್/6 ಆಗಿದ್ದರೆ ಹೆಣ್ಣುಗಳಲ್ಲಿ ಈ ಆಹಾರದಿಂದ ತೂಕ ಏರುವುದು ಗಂಡಿಗಿಂತ ಕಡಿಮೆ. ಅದು ಗಂಡನ್ನೇ ಬಳಸಲು ಒಂದು ಕಾರಣ, ಹೆಣ್ಣನ್ನು ಮರೆತುಬಿಡಲು ಕಾರಣವಲ್ಲ. ಗಂಡು ಮಾತ್ರ ಎಂದಾದರೆ 60ಕ್ಕೆ 120 ಮರಿ ಹುಟ್ಟಬೇಕು. ಬದುಕಿ ಉಳಿಯುವುದು ಸೂಲಿಗೆ 6 ಎಂದರೆ 20 ಸೂಲು. ಉಳಿದ 60 ಹೆಣ್ಣುಮರಿಗಳನ್ನು ಏನು ಮಾಡುತ್ತೀರಿ ಎಂಬುದಕ್ಕೂ ಉತ್ತರ ಬೇಕು: ಕೆಲವನ್ನು ಹೆಪಟೊಸೈಟ್ ಬಿಡಿಸಲು ಬಳಸುತ್ತೇವೆ, ಒಂದು ಸಣ್ಣ ಗುಂಪಿನಲ್ಲಿ ಪರಿಣಾಮದ ದಿಕ್ಕು ಅದೇ ಇದೆಯೇ ಎಂದು ನೋಡುತ್ತೇವೆ. ಇದನ್ನು ಯೋಚಿಸದೆ ಹೋದವರು ಪ್ರಾಣಿ ನೈತಿಕತೆಯ ಪ್ರಶ್ನೆಯಲ್ಲಿ ತಡವರಿಸುವುದು ಖಂಡಿತ.

ಬಜೆಟ್‌ಗೆ ಬರೋಣ. ‘ಪ್ರಾಣಿಗಳ ಖರ್ಚು: ಇಷ್ಟು’ ಎಂದು ಒಂದು ಇಡುಗಂಟು ಬರೆದರೆ ಅದನ್ನು ಕತ್ತರಿಸುವುದು ಬಲು ಸುಲಭ. ಒಡೆದು ತೋರಿಸಿದ ಸಾಲನ್ನು ಕತ್ತರಿಸಬೇಕಾದರೆ ಅವರು ಯಾವುದೋ ಒಂದು ಸಂಖ್ಯೆಯನ್ನು ಅಲ್ಲಗಳೆಯಲೇಬೇಕು. ಹಾಗಾಗಿ ಪ್ರತಿ ಸಾಲೂ ‘ಎಷ್ಟು ಬೇಕು, ಒಂದಕ್ಕೆ ಎಷ್ಟು, ಅಷ್ಟೇ ಯಾಕೆ’ ಎಂಬ ಮೂರನ್ನೂ ಹೇಳಬೇಕು. ಇಲಿಗಳ ವಿಷಯದಲ್ಲಿ ಅಳತೆಗೋಲು ಪಂಜರ-ದಿನ: ಒಂದು ಪಂಜರ ಒಂದು ದಿನ.

ಪ್ರಯೋಗದ 60 ಇಲಿಗಳು, ಪಂಜರಕ್ಕೆ 4ರಂತೆ 15 ಪಂಜರ. ತಾಯಿಯಿಂದ ಬಿಟ್ಟ 3ನೇ ವಾರದಿಂದ ಮುಗಿಯುವ 24ನೇ ವಾರದವರೆಗೆ 147 ದಿನ. 2,205 ಪಂಜರ-ದಿನ. ಬಹುತೇಕ ಅರ್ಜಿಗಳು ಇಲ್ಲಿಗೇ ನಿಲ್ಲುತ್ತವೆ. ಮರಿ ಹಾಕಿಸುವ 10 ಜೋಡಿಗಳನ್ನು 90 ದಿನ ಇಡಲು ಇನ್ನೂ 900. ಇವೆರಡಕ್ಕಿಂತ ದೊಡ್ಡದು ಮೂರನೆಯದು. ಮೂಲ ತಳಿಗಳನ್ನು ಉಳಿಸಿಕೊಳ್ಳಲು 8 ಪಂಜರ ಸದಾ ಇರಲೇಬೇಕು. ಇಲಿ ಬಂದ 4ನೇ ತಿಂಗಳ ಕೊನೆಯಿಂದ 36ನೇ ತಿಂಗಳವರೆಗೆ ಸುಮಾರು 970 ದಿನ, ಅಂದರೆ 7,760 ಪಂಜರ-ದಿನ. ಒಟ್ಟು 10,865. ಅದರಲ್ಲಿ ಪ್ರಯೋಗದ ಪಾಲು ಐದರಲ್ಲೊಂದು ಮಾತ್ರ. ಬರೀ 2,205 ಬರೆದಿದ್ದವರಿಗೆ ಪ್ರಯೋಗ ಮುಗಿಯುವ ಬಹಳ ಮೊದಲೇ ಹಣ ಮುಗಿಯುತ್ತದೆ. ಸಮಿತಿಯಲ್ಲಿ ಇಲಿ ಸಾಕಿದವರು ಆ ಸಂಖ್ಯೆ ನೋಡಿದ ಕೂಡಲೇ ‘ಇವರು ಈ ಕೆಲಸ ಹಿಂದೆ ಮಾಡಿಲ್ಲ’ ಎಂದು ಬರೆದುಕೊಳ್ಳುತ್ತಾರೆ. ಬಜೆಟ್ ಕಡಿಮೆ ಇದ್ದರೆ ಮೆಚ್ಚುತ್ತಾರೆ ಎಂದುಕೊಳ್ಳಬೇಡಿ, ಕಡಿಮೆ ಬಜೆಟ್ ಕೂಡ ಕಾರ್ಯಸಾಧ್ಯತೆಯ ವಿರುದ್ಧದ ಸಾಕ್ಷಿಯೇ.

ಆಹಾರವನ್ನೂ ಹೀಗೇ ಬಿಡಿಸಿ. ಅಧಿಕ ಕೊಬ್ಬಿನ ಆಹಾರ ತಿನ್ನುವುದು 40 ಇಲಿ, ದಿನಕ್ಕೆ ತಲಾ ಸುಮಾರು 3 ಗ್ರಾಂ, 112 ದಿನ: 13.4 ಕೆಜಿ. ಈ ಆಹಾರ ಮೆತ್ತಗಿರುವುದರಿಂದ ಪುಡಿಯಾಗಿ ಹಾಸಿನಲ್ಲಿ ಬೀಳುತ್ತದೆ. ಕೊಬ್ಬು ಕಮಟು ಹಿಡಿಯುವುದರಿಂದ ಪಂಜರದಲ್ಲಿ ಉಳಿದದ್ದನ್ನು ವಾರಕ್ಕೆರಡು ಸಲವಾದರೂ ತೆಗೆದು ಹೊಸದು ಹಾಕಬೇಕು. ಕಾಲುಭಾಗ ವ್ಯರ್ಥ ಎಂದು ಹಿಡಿದು 17 ಕೆಜಿ ಕೇಳಿ. ಹೋಲಿಕೆಯ ಆಹಾರವಾಗಿ ಪ್ರಾಣಿಮನೆಯ ಮಾಮೂಲಿ ತಿನಿಸು ಎಂದು ಬರೆದಿದ್ದರೆ ತಿದ್ದಿಕೊಳ್ಳಿ. ಮಾಮೂಲಿ ತಿನಿಸು ಧಾನ್ಯದಿಂದ ಮಾಡಿದ್ದು, ಅದರ ನಾರು, ಪ್ರೋಟೀನ್ ಮೂಲ ಎಲ್ಲ ಬೇರೆ. ಆಗ ಕಂಡ ವ್ಯತ್ಯಾಸ ಕೊಬ್ಬಿನದೋ ನಾರಿನದೋ ಹೇಳಲಾಗದು. ಅದೇ ಪದಾರ್ಥಗಳಿಂದ ಮಾಡಿದ, ಕೊಬ್ಬಿನ ಪ್ರಮಾಣ ಮಾತ್ರ ಕಡಿಮೆ ಇರುವ ಜೋಡಿ ಆಹಾರ ಬೇಕು. ಅದು ದುಬಾರಿ, ಆದರೂ ಬೇಕು. ಇದನ್ನು ಕೇಳುವ ಸದಸ್ಯರು ಅನೇಕ ಸಲ ಬಜೆಟ್‌ನ ಪ್ರಶ್ನೆಯಾಗಿಯೇ ಕೇಳುತ್ತಾರೆ: ‘ಈ ವಿಶೇಷ ಆಹಾರ ಎರಡು ಬಗೆ ಯಾಕೆ?’ ಉತ್ತರ ಇರುವುದು ಪ್ರಯೋಗದ ವಿನ್ಯಾಸದಲ್ಲಿ.

ಉಪಕರಣದ ಸಾಲಿಗೆ ಒಂದೇ ಪರೀಕ್ಷೆ: ಅದು ಎಷ್ಟು ಗಂಟೆ ಓಡುತ್ತದೆ? ದೇಹದ ಕೊಬ್ಬು, ಮಾಂಸ ಅಳೆಯುವ ಎನ್‌ಎಂಆರ್ ಯಂತ್ರ ಕೇಳಿದ್ದೀರಿ ಎನ್ನೋಣ. 60 ಇಲಿ, ತಲಾ 3 ಸಲ, 180 ಅಳತೆ. ಹಿಡಿದು, ಕೊಳವೆಗೆ ಹಾಕಿ, ಅಳೆದು, ಹೊರತೆಗೆಯಲು 5 ನಿಮಿಷ ಎಂದರೂ 15 ಗಂಟೆ. ಮೂರು ವರ್ಷದಲ್ಲಿ 15 ಗಂಟೆ ಓಡುವ ಯಂತ್ರವನ್ನು ಯಾರೂ ಕೊಡಿಸುವುದಿಲ್ಲ. ಬೇರೆ ಲ್ಯಾಬ್‌ನ ಯಂತ್ರಕ್ಕೆ ಬಳಕೆ ಶುಲ್ಕ ಬರೆಯಿರಿ, ಅವರು ಒಪ್ಪಿದ ಪತ್ರ ಲಗತ್ತಿಸಿ. ಆದರೆ ಆ ಲ್ಯಾಬ್ ಬೇರೆ ಕಟ್ಟಡದಲ್ಲಿದ್ದರೆ ಹೊರಗೆ ಹೋದ ಇಲಿ ಪ್ರಾಣಿಮನೆಗೆ ವಾಪಸ್ ಬರಬಹುದೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಎಷ್ಟೋ ಕಡೆ ಸೋಂಕಿನ ಭಯದಿಂದ ಬಿಡುವುದಿಲ್ಲ, ಆಗ ಮೂರು ಸಲ ಅಳೆಯುವ ಯೋಜನೆ ಕೊನೆಯಲ್ಲಿ ಒಂದು ಸಲಕ್ಕೆ ಇಳಿಯುತ್ತದೆ.

‘ಕೇಳಿದ್ದರಲ್ಲಿ ಐದನೇ ಒಂದು ಭಾಗ ಕಡಿಮೆ ಕೊಟ್ಟರೆ?’ ಇದು ಬರುವ ಪ್ರಶ್ನೆ. ‘ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತೇನೆ’ ಎನ್ನುವುದು ಅತಿ ಕೆಟ್ಟ ಉತ್ತರ. ಎಲ್ಲ ಗುಂಪಿನಲ್ಲೂ ಐದನೇ ಒಂದು ಇಲಿ ಕಡಿಮೆಯಾದರೆ ಈಗಷ್ಟೇ ಸಮರ್ಥಿಸಿಕೊಂಡ 17 ಕುಸಿಯುತ್ತದೆ. ಮೇಲಾಗಿ, ಸ್ವಲ್ಪ ಸ್ವಲ್ಪ ಕಡಿಮೆ ಮಾಡಲು ಆಗುವುದಾದರೆ ಮೊದಲು ಹೆಚ್ಚು ಕೇಳಿದ್ದಿರಿ ಎಂದಾಯಿತು. ಬಿಡುವುದಾದರೆ ಒಂದು ಗುರಿಯನ್ನು ಇಡಿಯಾಗಿ ಬಿಡಿ, ಯಾವುದು ಎಂದು ಮೊದಲೇ ತೀರ್ಮಾನಿಸಿಕೊಂಡು ಹೋಗಿ. ಉದಾಹರಣೆಗೆ 24 ಮಾದರಿಗಳ ಆರ್‌ಎನ್‌ಎ ಸೀಕ್ವೆನ್ಸಿಂಗ್ ಬಿಟ್ಟು, ಅಂಗಾಂಶವನ್ನು ಮೈನಸ್ 80 ಡಿಗ್ರಿಯಲ್ಲಿ ಉಳಿಸಿಕೊಂಡು, ಮುಖ್ಯ ಹೋಲಿಕೆಗೆ ಉತ್ತರ ‘ಹೌದು’ ಬಂದರೆ ಮಾತ್ರ ಮುಂದಿನ ಅನುದಾನದಲ್ಲಿ ಮಾಡುತ್ತೇವೆ ಎನ್ನಬಹುದು.

ಇನ್ನು ಸೋಲಿನ ಪ್ರಶ್ನೆ. ‘ಪ್ರಯೋಗ ಕೈಕೊಟ್ಟರೆ?’ ಎಂಬ ಒಂದೇ ಮಾತಿನೊಳಗೆ ಎರಡು ಬೇರೆ ಪ್ರಶ್ನೆಗಳಿವೆ, ಅವನ್ನು ಬೇರ್ಪಡಿಸುವುದೇ ಅರ್ಧ ಉತ್ತರ. ಒಂದು, ವಿಧಾನ ಕೆಲಸ ಮಾಡದೇ ಹೋಗುವುದು: ಜೀನ್ ಸರಿಯಾಗಿ ತೆಗೆಯಲ್ಪಡಲಿಲ್ಲ, ಇಲಿಗಳಿಗೆ ಕೊಬ್ಬೇ ಏರಲಿಲ್ಲ. ಇನ್ನೊಂದು, ವಿಧಾನ ಸರಿಯಾಗಿ ಕೆಲಸ ಮಾಡಿ, ನೀವು ಊಹಿಸಿದ್ದು ಸುಳ್ಳಾಗುವುದು. ಮೊದಲನೆಯದಕ್ಕೆ ಬದಲಿ ದಾರಿ ಬೇಕು. ಎರಡನೆಯದಕ್ಕೆ ಬದಲಿ ದಾರಿ ಹೇಳಿದರೆ ಸಮಿತಿಗೆ ಅನುಮಾನ ಬರುತ್ತದೆ, ಬೇಕಾದ ಉತ್ತರ ಬರುವವರೆಗೆ ಪ್ರಯೋಗ ಮಾಡುತ್ತೀರಾ ಎಂದು.

ವಿಧಾನದ ಸೋಲು ನಿಮ್ಮಲ್ಲಿ ಎಲ್ಲಿ ಆಗುವ ಸಾಧ್ಯತೆ ಹೆಚ್ಚು ಎಂದರೆ ಜೀನ್ ತೆಗೆಯುವಲ್ಲಿ. ಆಲ್ಬುಮಿನ್-ಕ್ರೀ ಹುಟ್ಟಿನ ನಂತರ ಹಂತ ಹಂತವಾಗಿ ಕೆಲಸ ಮುಗಿಸುತ್ತದೆ, ಸುಮಾರು 6 ವಾರಕ್ಕೆ ಪೂರ್ಣವಾಗುತ್ತದೆ. 3 ವಾರದ ಮರಿಯ ಲಿವರ್ ನೋಡಿ ‘ಜೀನ್ ಹೋಗಿಲ್ಲ’ ಎಂದು ಗಾಬರಿಯಾಗುವವರಿದ್ದಾರೆ. ಇನ್ನೊಂದು ಗೊಂದಲ: ಇಡೀ ಲಿವರ್ ಅರೆದು ನೋಡಿದರೆ ಜೀನ್‌ನ ಒಂದಷ್ಟು ಪಾಲು ಉಳಿದೇ ಇರುತ್ತದೆ, ಯಾಕೆಂದರೆ ಲಿವರ್‌ನಲ್ಲಿ ರಕ್ತನಾಳದ ಕೋಶಗಳು, ಕುಪ್ಫರ್ ಕೋಶಗಳು ಕೂಡ ಇವೆ, ಅವುಗಳಲ್ಲಿ ಈ ಕ್ರೀ ಕೆಲಸ ಮಾಡುವುದಿಲ್ಲ. ‘ಇಡೀ ಲಿವರ್‌ನಲ್ಲಿ ಶೇ 30 ಉಳಿದು ಕಂಡರೆ?’ ಎಂದು ಕೇಳಿದರೆ ಉತ್ತರ ಇದು: ಬಿಡಿಸಿದ ಹೆಪಟೊಸೈಟ್‌ಗಳಲ್ಲಿ ಅಳೆದರೆ ಮಾತ್ರ ಅದು ಅರೆಬರೆ ನಾಕ್‌ಔಟೋ ಬೇರೆ ಕೋಶಗಳ ಪಾಲೋ ಗೊತ್ತಾಗುತ್ತದೆ. ಪೋಸ್ಟ್‌ಡಾಕ್ ಮೊದಲ ತಿಂಗಳುಗಳಲ್ಲಿ ಆ ಕೈಚಳಕ ಕಲಿಯುವುದು ಇದಕ್ಕೇ.

ಈಗ ಬದಲಿ ದಾರಿ. ಈ ಕ್ಷೇತ್ರದಲ್ಲಿ ಎಲ್ಲರೂ ಬರೆಯುವುದು ಒಂದೇ: ಹೆಪಟೊಸೈಟ್‌ನಲ್ಲಿ ಮಾತ್ರ ಚಾಲೂ ಆಗುವ ಟಿಬಿಜಿ ಪ್ರವರ್ತಕದಡಿ ಕ್ರೀ ಹೊತ್ತ ಎಎವಿ8 ವೈರಸ್ ಅನ್ನು ದೊಡ್ಡ ಫ್ಲಾಕ್ಸ್ ಇಲಿಗಳ ಬಾಲದ ರಕ್ತನಾಳಕ್ಕೆ ಕೊಡುವುದು. ಒಳ್ಳೆಯ ದಾರಿ, ಎರಡು ವಾರದಲ್ಲಿ ಜೀನ್ ಹೋಗುತ್ತದೆ. ಆದರೆ ಇದನ್ನು ಬರೆದ ಕೂಡಲೇ ಎರಡು ಪ್ರಶ್ನೆಗಳಿಗೆ ಬಾಗಿಲು ತೆರೆದಿರಿ.

ಒಂದು: ‘ಇಷ್ಟು ಸಲೀಸಾದರೆ ಇದನ್ನೇ ಮೊದಲು ಯಾಕೆ ಮಾಡುವುದಿಲ್ಲ?’ ‘ತಳಿ ಕೂಡಿಸುವ 5 ತಿಂಗಳು ಉಳಿಯುತ್ತದೆಯಲ್ಲ?’ ಎಂದು ಅವರೇ ಹೇಳಬಹುದು. ಅಷ್ಟು ಉಳಿಯುವುದಿಲ್ಲ. ನಿಮಗೆ ಬರುವುದು ನಾಲ್ಕಾರು ಇಲಿ, ಅವನ್ನು ಹೆಚ್ಚಿಸಲು ಒಂದು ತಲೆಮಾರು ಹೇಗೂ ಬೇಕು, ಚುಚ್ಚಿದ ಮೇಲೆ 2 ವಾರ ಕಾಯಬೇಕು. ಉಳಿಯುವುದು ಎರಡು ತಿಂಗಳು. ಆ ಎರಡು ತಿಂಗಳಿಗೆ ಬದಲಾಗಿ 60 ಇಲಿಗೂ ಒಂದೇ ಗುಣಮಟ್ಟದ ವೈರಸ್, ಕ್ರೀ ಇಲ್ಲದ ಹೋಲಿಕೆ ವೈರಸ್, ಬಾಲಕ್ಕೆ ಚುಚ್ಚುವಲ್ಲಿ ತಪ್ಪಿದ ಇಲಿಗಳ ನಷ್ಟ, ಇಷ್ಟೂ ಹೊರೆ. ಹೀಗೆ ತೂಗಿ ಹೇಳಿದರೆ ಒಪ್ಪುತ್ತಾರೆ. ತೂಗಿ ನೋಡಿದಾಗ ವೈರಸ್ ದಾರಿಯೇ ಮೇಲು ಎನಿಸಿದರೆ ಅದನ್ನೇ ಮೊದಲ ದಾರಿ ಮಾಡಿಕೊಳ್ಳಿ, ನಾನಂತೂ ವೈರಸ್ ತಯಾರಿಸಿ ಅನುಭವವಿರುವ ಲ್ಯಾಬ್ ಪಕ್ಕದಲ್ಲೇ ಇದ್ದವರಿಗೆ ಹಾಗೇ ಹೇಳುತ್ತೇನೆ.

ಎರಡನೆಯದು ಇನ್ನೂ ಹರಿತ: ‘ಮೊದಲ ದಾರಿ ಯಾವ ಕಾರಣಕ್ಕೆ ಸೋತಿತೋ ಅದೇ ಕಾರಣಕ್ಕೆ ಇದೂ ಸೋಲುವುದಿಲ್ಲವೇ?’ ಸೋಲಬಹುದು. ವೈರಸ್ ತರುವುದು ಕ್ರೀಯನ್ನು ಮಾತ್ರ. ತೊಂದರೆ ಇದ್ದದ್ದು ಫ್ಲಾಕ್ಸ್ ಮಾಡಿದ ಜೀನ್‌ನಲ್ಲೇ ಆಗಿದ್ದರೆ ಯಾವ ದಾರಿಯಿಂದ ಕ್ರೀ ಬಂದರೂ ಫಲ ಒಂದೇ. ಎಲ್ಲಿ ತೊಂದರೆ ಎಂದು ಪತ್ತೆ ಮಾಡುವುದು ಕಷ್ಟವಲ್ಲ. ಡಿಎನ್‌ಎ ಮೇಲೆ ಪಿಸಿಆರ್ ಮಾಡಿದಾಗ ಜೀನ್ ಕತ್ತರಿಸಿದ್ದನ್ನು ತೋರಿಸುವ ಗೆರೆಯಂಥ ಪಟ್ಟಿ ಕಾಣದಿದ್ದರೆ ಕ್ರೀ ಬಂದಿಲ್ಲ ಅಥವಾ ಸಾಲದು, ಆಗ ವೈರಸ್ ಸಹಾಯಕ್ಕೆ ಬರುತ್ತದೆ. ಪಟ್ಟಿ ಗಟ್ಟಿಯಾಗಿ ಕಂಡೂ ಪ್ರೋಟೀನ್ ಉಳಿದಿದ್ದರೆ, ಒಂದೋ ಆ ಪ್ರೋಟೀನ್ ದೀರ್ಘಾಯುಷಿ, ಇಲ್ಲವೇ ಕತ್ತರಿಸಿದ ಮೇಲೂ ಉಳಿದ ಭಾಗದಿಂದ ಮೊಟಕಾದ ಪ್ರೋಟೀನ್ ತಯಾರಾಗುತ್ತಿದೆ, ಅದೂ ಅಲ್ಲವಾದರೆ ಆ್ಯಂಟಿಬಾಡಿ ಬೇರೆ ಯಾವುದನ್ನೋ ಹಿಡಿಯುತ್ತಿದೆ. ಆಗ ವೈರಸ್-ಕ್ರೀ ವ್ಯರ್ಥ. ಸಾಮಾನ್ಯ ಇಲಿಗಳಲ್ಲೇ ಆ ಜೀನ್‌ನ ಆರ್‌ಎನ್‌ಎಯನ್ನು ಕುಗ್ಗಿಸುವ ಬೇರೆ ವಿಧಾನ ಬೇಕು. ಅದು ಪೂರ್ತಿ ತೆಗೆಯುವುದಿಲ್ಲ, ಆದರೆ ಫ್ಲಾಕ್ಸ್ ಜೀನ್‌ನ ಹಂಗಿಲ್ಲ.

ಅರ್ಜಿಯಲ್ಲಿ ಹೆಚ್ಚಿನವರು ‘ಅಗತ್ಯಬಿದ್ದರೆ ಪರ್ಯಾಯ ವಿಧಾನಗಳನ್ನು ಅನುಸರಿಸಲಾಗುವುದು’ ಎಂದು ಬರೆಯುತ್ತಾರೆ. ಅದರ ಜಾಗದಲ್ಲಿ ಇಂಥದ್ದನ್ನು ಇಡಿ:

“9ನೇ ತಿಂಗಳಲ್ಲಿ, 6 ವಾರ ದಾಟಿದ ಮೊದಲ 3 ನಾಕ್‌ಔಟ್ ಇಲಿಗಳಿಂದ ಹೆಪಟೊಸೈಟ್ ಬಿಡಿಸಿ ಪ್ರೋಟೀನ್ ಅಳೆಯುತ್ತೇವೆ. ಒಡಹುಟ್ಟಿಗೆ ಹೋಲಿಸಿದರೆ ಶೇ 15ಕ್ಕಿಂತ ಹೆಚ್ಚು ಉಳಿದಿದ್ದರೆ ದೊಡ್ಡ ತಂಡದ ಜೋಡಿ ಹಾಕುವುದನ್ನು ನಿಲ್ಲಿಸುತ್ತೇವೆ. ಡಿಎನ್‌ಎಯಲ್ಲಿ ಕತ್ತರಿಸಿದ ಪಟ್ಟಿ ದುರ್ಬಲವಾಗಿದ್ದರೆ ಆಗಲೇ ಇರುವ ಫ್ಲಾಕ್ಸ್ ಇಲಿಗಳಿಗೆ ವೈರಸ್-ಕ್ರೀ ಕೊಡುತ್ತೇವೆ. ಇದರಿಂದ ವೇಳಾಪಟ್ಟಿ ಸುಮಾರು 3 ತಿಂಗಳು ಜಾರುತ್ತದೆ, ಖರ್ಚನ್ನು ಆರ್‌ಎನ್‌ಎ ಸೀಕ್ವೆನ್ಸಿಂಗ್ ಸಾಲಿನಿಂದ ತೆಗೆಯುತ್ತೇವೆ.”

ಇದರಲ್ಲಿ ದಿನಾಂಕ ಇದೆ, ಗಡಿ ಸಂಖ್ಯೆ ಇದೆ, ನಿಲ್ಲಿಸುವ ನಿರ್ಧಾರ ಇದೆ, ಹಣ ಎಲ್ಲಿಂದ ಎಂಬುದಿದೆ. ಕೊನೆಯದನ್ನು ಮರೆಯಬೇಡಿ: ಬದಲಿ ದಾರಿಗೆ ಬಜೆಟ್‌ನಲ್ಲಿ ಒಂದು ಪೈಸೆಯೂ ಇಲ್ಲದಿದ್ದರೆ ಅದು ಬದಲಿ ದಾರಿಯೇ ಅಲ್ಲ ಎಂದು ಸಮಿತಿ ಸರಿಯಾಗಿಯೇ ತೀರ್ಮಾನಿಸುತ್ತದೆ. ಶೇ 15 ಎಂಬ ಗಡಿಯನ್ನು ನಾನು ಉದಾಹರಣೆಗೆ ಇಟ್ಟಿದ್ದೇನೆ. ನಿಮ್ಮ ಪ್ರೋಟೀನ್ ಕಿಣ್ವವಾಗಿದ್ದು ಸ್ವಲ್ಪವೇ ಸಾಕಾಗುವಂಥದ್ದಾದರೆ ಗಡಿ ಇನ್ನೂ ಕೆಳಗಿರಬೇಕು, ಯಾಕೆ ಎಂದು ಕೇಳಿದರೆ ಹೇಳಲು ತಯಾರಿರಿ.

ಊಹೆ ಸುಳ್ಳಾಗುವ ಪ್ರಶ್ನೆಗೆ ಬಂದರೆ, ಕಡಿಮೆ ಕೊಬ್ಬಿನ ಆಹಾರದ ಆ ಎರಡು ಸಣ್ಣ ಗುಂಪುಗಳು ಇಲ್ಲಿ ನಿಮ್ಮನ್ನು ಕಾಯುತ್ತವೆ. ನಾಕ್‌ಔಟ್‌ಗೂ ಒಡಹುಟ್ಟಿಗೂ ವ್ಯತ್ಯಾಸ ಕಾಣಲಿಲ್ಲ ಎನ್ನಿ. ಮೊದಲು ನೋಡಬೇಕಾದದ್ದು, ಸಾಮಾನ್ಯ ಇಲಿಗಳಲ್ಲಿ ಅಧಿಕ ಕೊಬ್ಬಿನ ಆಹಾರದಿಂದ ಲಿವರ್ ಟ್ರೈಗ್ಲಿಸರೈಡ್ ಏರಿದೆಯೇ ಎಂದು. ಏರಿಲ್ಲದಿದ್ದರೆ ಪ್ರಯೋಗವೇ ನಡೆದಿಲ್ಲ, ಅದು ವಿಧಾನದ ಸೋಲು: ಆಹಾರ ಕಮಟಿತ್ತೇ, ತಿಂದರೇ, ಪಂಜರದ ತೂಕ ಪಟ್ಟಿ ಏನು ಹೇಳುತ್ತದೆ ಎಂದು ಹಿಂದಕ್ಕೆ ಹೋಗಬೇಕು. ಏರಿದ್ದು, ಜೀನ್ ಹೆಪಟೊಸೈಟ್‌ಗಳಿಂದ ಹೋಗಿದ್ದು ಖಚಿತವಿದ್ದು, ಆದರೂ ಎರಡು ಗುಂಪು ಒಂದೇ ರೀತಿ ಇದ್ದರೆ ಅದು ಉತ್ತರ. 17 ಇಲಿ ಇಟ್ಟದ್ದು ಇಲ್ಲಿ ಎರಡನೆಯ ಸಲ ಕೆಲಸಕ್ಕೆ ಬರುತ್ತದೆ: ವ್ಯತ್ಯಾಸದ ವಿಶ್ವಾಸಾಂತರ, ಅಂದರೆ ನಿಜವಾದ ವ್ಯತ್ಯಾಸ ಇರಬಹುದಾದ ವ್ಯಾಪ್ತಿ, 1ರ ಗಾತ್ರವನ್ನು ಹೊರಗಿಟ್ಟರೆ ‘ಅಷ್ಟು ದೊಡ್ಡ ಪರಿಣಾಮ ಇಲ್ಲ’ ಎಂದು ಧೈರ್ಯವಾಗಿ ಪ್ರಕಟಿಸಬಹುದು. ಅದೇ ಕುಟುಂಬದ ಇನ್ನೊಂದು ಜೀನ್ ಇದರ ಕೆಲಸವನ್ನು ವಹಿಸಿಕೊಂಡಿರಬಹುದು ಎಂಬ ವಾದ ಯಾರಾದರೂ ಎತ್ತಿದರೆ, ಉಳಿಸಿಟ್ಟ ಅಂಗಾಂಶದಲ್ಲಿ ಆ ಒಂದೆರಡು ಜೀನ್‌ಗಳನ್ನು ಮಾತ್ರ ಅಳೆದು ನೋಡುವುದು ಸಣ್ಣ ಕೆಲಸ.

ಆಮೇಲೆ ಕೇಳುತ್ತಾರೆ: ‘ಮೊದಲ ಗುರಿಗೆ ಇಲ್ಲ ಎಂದು ಬಂದರೆ ಎರಡು, ಮೂರನೇ ಗುರಿಗಳ ಗತಿ?’ ನಿಮ್ಮ ಮೂರನೇ ಗುರಿ ‘ಮೊದಲ ಗುರಿಯಲ್ಲಿ ಕಂಡ ರಕ್ಷಣೆಯ ಕಾರಣ ಹುಡುಕುವುದು’ ಎಂಬ ರೀತಿಯದ್ದಾಗಿದ್ದರೆ 18ನೇ ತಿಂಗಳಿಗೆ ಅದು ಇಲ್ಲವಾಗಬಹುದು, ಕೈಯಲ್ಲಿ ಇನ್ನೂ 18 ತಿಂಗಳ ಸಂಬಳ ಇರುತ್ತದೆ. ಹಾಗಾಗಿ ಕನಿಷ್ಠ ಒಂದು ಗುರಿ ಇಲಿಗಳ ಉತ್ತರಕ್ಕೆ ಕಾಯದಂತಿರಬೇಕು. ಬಿಡಿಸಿದ ಹೆಪಟೊಸೈಟ್‌ಗಳಲ್ಲಿ ಆ ಪ್ರೋಟೀನ್ ಯಾವ ಪ್ರೋಟೀನ್‌ಗಳಿಗೆ ಅಂಟಿಕೊಳ್ಳುತ್ತದೆ ಎಂದು ನೋಡುವುದು ಅಂಥ ಗುರಿ. ಇಲಿಗಳು ‘ಹೌದು’ ಎನ್ನಲಿ, ‘ಇಲ್ಲ’ ಎನ್ನಲಿ, ಅದಕ್ಕೆ ಅರ್ಥ ಇರುತ್ತದೆ. ನಿಮ್ಮ ಎರಡನೆಯ ಗುರಿಯಲ್ಲಿ ಇಂಥ ಭಾಗ ಇಲ್ಲದಿದ್ದರೆ, ಸಂದರ್ಶನಕ್ಕೆ ಮುನ್ನ ಇಷ್ಟೆಲ್ಲ ತಿದ್ದುವುದರಲ್ಲಿ ಮೊದಲು ಕೈಹಾಕಬೇಕಾದದ್ದು ಅದಕ್ಕೆ, ಸ್ಲೈಡ್‌ನಲ್ಲಿ 9 ಅನ್ನು 18 ಮಾಡುವುದು ಆಮೇಲೆ.